ಕಂಪನಿ ಬೇರೆ, ಒಡೆಯ ಬೇರೆ: ನಾಲ್ಕು ಆಯ್ಕೆಗಳ ನಡುವೆ ಒಂದು ಮುಸುಕು

ಪ್ರಶ್ನೆ ಹೀಗಿದೆ. ಒಬ್ಬ ವ್ಯಕ್ತಿ ತನ್ನ ಜಮೀನಿನ ಮರವನ್ನೆಲ್ಲ ಒಂದು ಕಂಪನಿಗೆ ಮಾರುತ್ತಾನೆ. ಬೆಲೆಗೆ ಬದಲಾಗಿ ಕಂಪನಿಯ ಎಲ್ಲ ಷೇರುಗಳೂ ಅವನಿಗೆ ಮತ್ತು ಅವನ ನಾಮಿನಿಗಳಿಗೆ ಸಿಗುತ್ತವೆ. ಕಂಪನಿ ಅವನಿಗೆ ಸ್ವಲ್ಪ ಸಾಲವನ್ನೂ ಕೊಡಬೇಕಿದೆ. ಮರದ ಮೇಲಿನ ವಿಮೆಯನ್ನು ಮಾತ್ರ ಅವನು ತನ್ನ ಸ್ವಂತ ಹೆಸರಿನಲ್ಲೇ ಮಾಡಿಸಿದ್ದಾನೆ. ಬೆಂಕಿ ಬಿದ್ದು ಮರ ಸುಟ್ಟುಹೋಗುತ್ತದೆ. ವಿಮೆಯವರು ಅವನಿಗೆ ಎಷ್ಟು ಕೊಡಬೇಕು? ಆಯ್ಕೆ ಎ: ಪೂರ್ತಿ ನಷ್ಟ. ಬಿ: ಅವನ ಷೇರಿನ ಪಾಲಿನಷ್ಟು. ಸಿ: ಕಂಪನಿಯಿಂದ ಬರಬೇಕಾದ ಸಾಲದಷ್ಟು. ಡಿ: ಏನೂ ಕೊಡಬೇಕಿಲ್ಲ.

ಕಂಪನಿ ಕಾನೂನಿನ ಆಬ್ಜೆಕ್ಟಿವ್ ಪರೀಕ್ಷೆಗೆ ಕೂತವರಲ್ಲಿ ಅನೇಕರು ಬಿ ಅಥವಾ ಸಿ ಕಡೆ ವಾಲುತ್ತಾರೆ. ನ್ಯಾಯ ಅಲ್ಲೆಲ್ಲೋ ಮಧ್ಯದಲ್ಲಿ ಇರಬೇಕು ಅನ್ನಿಸುವುದು ಸಹಜ. ಸರಿಯಾದ ಉತ್ತರ ಡಿ. ಇದು ಪ್ರಶ್ನೆಪತ್ರಿಕೆಗಾಗಿ ಹೆಣೆದ ಕಥೆಯೂ ಅಲ್ಲ. ಐರ್ಲೆಂಡಿನ ಟೈರೋನ್ ಪ್ರಾಂತದ ಕಿಲ್ಲಿಮೂನ್ ಎಸ್ಟೇಟಿನ ಒಡೆಯ ಮಕೌರಾ ಎಂಬವರಿಗೆ ನಿಜವಾಗಿ ಆದದ್ದು. ಎಸ್ಟೇಟಿನ ಮರವನ್ನು ಅವರು ಒಂದು ಸಾ ಮಿಲ್ ಕಂಪನಿಗೆ ಕೊಟ್ಟು, ತಲಾ 1 ಪೌಂಡಿನ 42,000 ಷೇರು ಪಡೆದಿದ್ದರು. ಕಂಪನಿ ಅವರಿಗೆ ಸುಮಾರು 19,000 ಪೌಂಡ್ ಬಾಕಿ ಇತ್ತು. 1922ರ ಫೆಬ್ರುವರಿಯಲ್ಲಿ ಬೆಂಕಿ ಬಿತ್ತು. ವಿಮಾ ಕಂಪನಿಗಳು ಹಣ ಕೊಡಲಿಲ್ಲ. ಪ್ರಕರಣ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ, 1925ರಲ್ಲಿ ಮಕೌರಾ ಸೋತರು. ಸುಟ್ಟ ಮರ ಕಂಪನಿಯದು. ಷೇರುದಾರನಿಗಾಗಲಿ, ಭದ್ರತೆಯಿಲ್ಲದೆ ಸಾಲ ಕೊಟ್ಟವನಿಗಾಗಲಿ ಕಂಪನಿಯ ವಸ್ತುವಿನ ಮೇಲೆ ವಿಮೆ ಮಾಡಿಸುವಂಥ ಹಕ್ಕು ಇಲ್ಲ. ಬೆಂಕಿಯಿಂದ ಮಕೌರಾ ಅವರ ಷೇರಿನ ಬೆಲೆ ಬಿತ್ತು ಎನ್ನುವುದು ನಿಜ. ಆದರೆ ಅವರು ವಿಮೆ ಮಾಡಿಸಿದ್ದು ಮರಕ್ಕೆ.

ಆಯ್ಕೆ ಬಿ ಮತ್ತು ಸಿಗಳನ್ನು ಪ್ರಶ್ನೆ ತೆಗೆಯುವವರು ಸುಮ್ಮನೆ ಇಡುವುದಿಲ್ಲ. 'ಎಲ್ಲ ಷೇರೂ ಅವನದೇ ಅಲ್ಲವೇ' ಎಂಬ ನಮ್ಮ ದಿನನಿತ್ಯದ ತಿಳಿವಳಿಕೆಯನ್ನೇ ಅವರು ಬಲೆಯಾಗಿ ಹಾಸುತ್ತಾರೆ. ಆ ತಿಳಿವಳಿಕೆಯನ್ನು ಬದಿಗಿಡಬೇಕೆಂದು ಕಾನೂನು ತೀರ್ಮಾನಿಸಿದ್ದು ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬೂಟು ತಯಾರಿಸುತ್ತಿದ್ದ ಒಬ್ಬ ಚರ್ಮದ ವ್ಯಾಪಾರಿಯ ಪ್ರಕರಣದಲ್ಲಿ.

ಆ ವ್ಯಾಪಾರಿ ಆರನ್ ಸಾಲೊಮನ್. ವರ್ಷಗಟ್ಟಲೆ ಒಬ್ಬರೇ ನಡೆಸಿದ ವ್ಯಾಪಾರ ಚೆನ್ನಾಗಿಯೇ ಇತ್ತು. ಬೆಳೆದ ಗಂಡುಮಕ್ಕಳು ತಮಗೂ ಪಾಲು ಬೇಕೆಂದರು. 1892ರಲ್ಲಿ ಸಾಲೊಮನ್ ಒಂದು ಲಿಮಿಟೆಡ್ ಕಂಪನಿ ಕಟ್ಟಿದರು. ಅಂದಿನ ಕಾನೂನಿಗೆ ಕನಿಷ್ಠ 7 ಸದಸ್ಯರು ಬೇಕಿತ್ತು. ಅವರು, ಹೆಂಡತಿ, ಒಬ್ಬ ಮಗಳು, ನಾಲ್ವರು ಗಂಡುಮಕ್ಕಳು: ಲೆಕ್ಕ ಸರಿಹೋಯಿತು. ಮನೆಯವರಿಗೆ ತಲಾ ಒಂದೇ ಷೇರು. ವ್ಯಾಪಾರವನ್ನು ಕಂಪನಿಗೆ ಸುಮಾರು 39,000 ಪೌಂಡಿಗೆ ಮಾರಲಾಯಿತು. ಬೆಲೆ ಹೆಚ್ಚೇ ಇತ್ತು ಎಂದು ಮುಂದೆ ನ್ಯಾಯಾಲಯವೂ ಹೇಳಿತು. ಆ ಬೆಲೆಯ ಭಾಗವಾಗಿ ಸಾಲೊಮನ್‌ಗೆ 20,000 ಷೇರು ಬಂದವು. ಜೊತೆಗೆ 10,000 ಪೌಂಡಿನ ಡಿಬೆಂಚರ್‌ಗಳೂ ಬಂದವು. ಡಿಬೆಂಚರ್ ಎಂದರೆ ಇಲ್ಲಿ ಕಂಪನಿಯ ಆಸ್ತಿಯನ್ನು ಅಡವಿಟ್ಟು ಬರೆದುಕೊಟ್ಟ ಸಾಲಪತ್ರ. ಕಂಪನಿ ಮುಳುಗಿದರೆ ಅದನ್ನು ಹಿಡಿದವನಿಗೆ ಮೊದಲ ಪಾಲು.

ಇಡೀ ಪ್ರಕರಣದ ಕೀಲಿ ಈ ಡಿಬೆಂಚರ್. ಅದನ್ನು ಬಿಟ್ಟು ಬರೀ 'ಕಂಪನಿ ಬೇರೆ, ಸಾಲೊಮನ್ ಬೇರೆ' ಎಂದು ಬಾಯಿಪಾಠ ಮಾಡಿದವರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದ ಕೂಡಲೇ ತಬ್ಬಿಬ್ಬಾಗುತ್ತಾರೆ.

ಬೂಟಿನ ವ್ಯಾಪಾರಕ್ಕೆ ಕೆಟ್ಟ ದಿನಗಳು ಬಂದವು. ಮುಷ್ಕರಗಳಾದವು. ಸರ್ಕಾರದ ಗುತ್ತಿಗೆಗಳು ಹಲವರಿಗೆ ಹಂಚಿಹೋದವು. ಸಾಲೊಮನ್ ತಮ್ಮ ಡಿಬೆಂಚರ್‌ಗಳನ್ನೇ ಒತ್ತೆಯಿಟ್ಟು ಬ್ರಾಡರಿಪ್ ಎಂಬವರಿಂದ 5,000 ಪೌಂಡ್ ಸಾಲ ತಂದು ಕಂಪನಿಗೆ ಹಾಕಿದರು. ಅದೂ ಸಾಲಲಿಲ್ಲ. 1893ರಲ್ಲಿ ಕಂಪನಿ ಮುಚ್ಚುವ ಪ್ರಕ್ರಿಯೆಗೆ ಹೋಯಿತು. ಉಳಿದ ಆಸ್ತಿ ಸುಮಾರು 6,000 ಪೌಂಡ್. ಅದರಲ್ಲಿ ಬ್ರಾಡರಿಪ್ ಅವರ ಸಾಲ ತೀರಿದ ಮೇಲೆ ಸುಮಾರು 1,000 ಪೌಂಡ್ ಉಳಿಯುತ್ತಿತ್ತು. ಚರ್ಮ ಕೊಟ್ಟವರು, ಸಾಮಾನು ಕೊಟ್ಟವರು ಮುಂತಾದ ಭದ್ರತೆಯಿಲ್ಲದವರಿಗೆ ಸುಮಾರು 7,700 ಪೌಂಡ್ ಬರಬೇಕಿತ್ತು. ಅತ್ತ ಸಾಲೊಮನ್ 'ಡಿಬೆಂಚರ್ ನನ್ನದು, ಉಳಿದ ಸಾವಿರ ನನಗೆ' ಎಂದರು. ಲಿಕ್ವಿಡೇಟರ್ ಇದನ್ನು ಒಪ್ಪಲಿಲ್ಲ. ಕಂಪನಿ ಎನ್ನುವುದು ಸಾಲೊಮನ್ನೇ, ಆದ್ದರಿಂದ ಆ ಸಾವಿರ ಬಿಡಿ, ಮಿಕ್ಕ ಬಾಕಿಯನ್ನೂ ಅವರೇ ಕೈಯಿಂದ ಕಟ್ಟಬೇಕು ಎಂದು ವಾದಿಸಿದರು.

ಕೆಳಗಿನ ನ್ಯಾಯಾಲಯ ಲಿಕ್ವಿಡೇಟರ್ ಪರ ನಿಂತಿತು. ಕಂಪನಿ ಸಾಲೊಮನ್‌ರ ಏಜೆಂಟ್ ಮಾತ್ರ ಎಂದಿತು. ಮೇಲ್ಮನವಿ ನ್ಯಾಯಾಲಯವೂ ಅದೇ ಫಲಿತಾಂಶ ಕೊಟ್ಟಿತು, ಆದರೆ ಬೇರೆ ಕಾರಣಕ್ಕೆ: ಕಂಪನಿ ಸಾಲೊಮನ್‌ಗಾಗಿ ವ್ಯಾಪಾರ ನಡೆಸುವ ಟ್ರಸ್ಟಿ, ಇಡೀ ಏರ್ಪಾಡೇ ಕಾನೂನಿನ ದುರುಪಯೋಗ ಎಂದಿತು. ಹೌಸ್ ಆಫ್ ಲಾರ್ಡ್ಸ್ ಎರಡನ್ನೂ ಒಮ್ಮತದಿಂದ ತಳ್ಳಿಹಾಕಿತು. ಕಾನೂನು 7 ಸದಸ್ಯರು ಬೇಕೆಂದಿದೆ. ಆ ಏಳೂ ಜನ ಪರಸ್ಪರ ಅಪರಿಚಿತರಾಗಿರಬೇಕು, ಪ್ರತಿಯೊಬ್ಬರಿಗೂ ದೊಡ್ಡ ಪಾಲಿರಬೇಕು ಎಂದು ಎಲ್ಲಿಯೂ ಹೇಳಿಲ್ಲ. ವಿಧಿಪ್ರಕಾರ ನೋಂದಣಿಯಾದ ಕಂಪನಿ, ಸದಸ್ಯರಿಂದ ಪೂರ್ತಿ ಬೇರೆಯಾದ ವ್ಯಕ್ತಿ. ಸಾಮಾನು ಕೊಟ್ಟವರಿಗೆ ತಾವು ವ್ಯವಹರಿಸುತ್ತಿರುವುದು ಲಿಮಿಟೆಡ್ ಕಂಪನಿಯೊಂದಿಗೆ ಎಂಬುದು ಗೊತ್ತಿತ್ತು. ನಷ್ಟಕ್ಕೆ ಅವರೇ ಹೊಣೆ. ವ್ಯಾಪಾರಿಗಳ ಬಾಕಿಗಿಂತ ಡಿಬೆಂಚರ್‌ಗೆ ಮೊದಲ ಪಾಲು ಸಿಗುವುದು ಸರಿಯಲ್ಲ ಎಂದು ಲಾರ್ಡ್ ಮ್ಯಾಕ್‌ನಾಟನ್ ಬೇಸರವನ್ನೇನೋ ತೋರಿಸಿದರು. ಆದರೆ ಕಾನೂನು ಬದಲಿಸುವುದು ಸಂಸತ್ತಿನ ಕೆಲಸವೆಂದು ಬಿಟ್ಟರು. ಗೆದ್ದ ಸಾಲೊಮನ್ ಸಿರಿವಂತರಾಗಿ ಮನೆಗೆ ಹೋದರು ಎಂದುಕೊಳ್ಳಬೇಡಿ. ಈ ಕೊನೆಯ ಮೇಲ್ಮನವಿಯನ್ನು ಅವರು ಬಡವರಿಗಿರುವ ಶುಲ್ಕ ವಿನಾಯಿತಿಯಲ್ಲಿ ಹೂಡಿದ್ದರು.

ಇಲ್ಲೊಂದು ಚಿಕ್ಕ ಗೊಂದಲವಿದೆ. ತೀರ್ಪು ಬಂದದ್ದು 1896ರ ನವೆಂಬರ್ 16ರಂದು. ಅದು ಅಚ್ಚಾದ ವರದಿಯ ವರ್ಷ 1897. ಪುಸ್ತಕಗಳೂ ಪ್ರಶ್ನೆಪತ್ರಿಕೆಗಳೂ 1897 ಎನ್ನುವುದು ಅದಕ್ಕೇ. ಅಂದಹಾಗೆ, ಸಾಲೊಮನ್ ತೀರ್ಪಿಗೆ ಹತ್ತು ವರ್ಷ ಮೊದಲೇ ಕಲ್ಕತ್ತಾ ಹೈಕೋರ್ಟ್ ಇದೇ ಮಾತನ್ನು ಹೇಳಿತ್ತು. 1886ರ ಕೊಂಡೋಲಿ ಟೀ ಕಂಪನಿ ಪ್ರಕರಣದಲ್ಲಿ ಕೆಲವರು ತಮ್ಮ ಚಹಾ ತೋಟವನ್ನು ತಾವೇ ಷೇರುದಾರರಾಗಿದ್ದ ಕಂಪನಿಗೆ ವರ್ಗಾಯಿಸಿ, 'ಎರಡೂ ಕಡೆ ನಾವೇ, ಇದು ಮಾರಾಟವಲ್ಲ, ಸ್ಟಾಂಪ್ ಶುಲ್ಕ ಬೇಡ' ಎಂದಿದ್ದರು. ನ್ಯಾಯಾಲಯ ಒಪ್ಪಲಿಲ್ಲ. ಕೊಳ್ಳುತ್ತಿರುವುದು ಕಂಪನಿ, ಅದು ಬೇರೆಯೇ ವ್ಯಕ್ತಿ, ಶುಲ್ಕ ಕಟ್ಟಿ ಎಂದಿತು. 'ಭಾರತದಲ್ಲಿ ಈ ತತ್ವವನ್ನು ಮೊದಲು ಒಪ್ಪಿದ ಪ್ರಕರಣ ಯಾವುದು' ಎಂದರೆ ಪರೀಕ್ಷೆಯಲ್ಲಿ ನಿರೀಕ್ಷಿಸುವ ಉತ್ತರ ಇದೇ.

ಈಗ ಮೂರೂ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸಾಲೊಮನ್‌ಗೆ ಕಂಪನಿಯ ಬೇರೆತನ ಲಾಭ ತಂದಿತು. ಮಕೌರಾ ಮತ್ತು ಕೊಂಡೋಲಿ ತೋಟದವರಿಗೆ ಅದೇ ಬೇರೆತನ ನಷ್ಟ ಮಾಡಿತು. ಛತ್ರಿ ಮಳೆಯನ್ನು ತಡೆದಂತೆ ಬಿಸಿಲನ್ನೂ ತಡೆಯುತ್ತದೆ. ಚಳಿಗೆ ಬಿಸಿಲು ಬೇಕೆನಿಸಿದರೂ ಹಿಡಿದವನಿಗೆ ಸಿಗುವುದು ನೆರಳೇ. ಸಾಲದಿಂದ ತಪ್ಪಿಸಿಕೊಳ್ಳಲು ಕಂಪನಿಯ ಹಿಂದೆ ನಿಂತವನು, ವಿಮೆ ಅಥವಾ ತೆರಿಗೆ ವಿನಾಯಿತಿ ಸಿಗುವಾಗ ಮುಂದೆ ಬಂದು 'ಕಂಪನಿ ಅಂದರೆ ನಾನೇ' ಎನ್ನುವಂತಿಲ್ಲ. ಹೀಗಾಗಿ ಯಾವುದೇ ಸಮಸ್ಯಾತ್ಮಕ ಪ್ರಶ್ನೆ ಎದುರಾದಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಮುಸುಕು ಸರಿಸಿ ಎಂದು ಬೇಡುತ್ತಿರುವವರು ಯಾರು ಎಂದು. ಬೇಡುತ್ತಿರುವವನು ಕಂಪನಿಯ ಒಡೆಯನೇ ಆಗಿದ್ದರೆ ಉತ್ತರ ಬಹುಪಾಲು 'ಇಲ್ಲ'.

ನಮ್ಮ ಸುಪ್ರೀಂ ಕೋರ್ಟ್ ಇದನ್ನು 2,750 ರೂಪಾಯಿಯ ಲೆಕ್ಕದಲ್ಲಿ ತೋರಿಸಿಕೊಟ್ಟಿತು. ಬಚಾ ಗುಜ್ದಾರ್ ಎಂಬವರಿಗೆ ಚಹಾ ಕಂಪನಿಗಳ ಷೇರಿನಿಂದ ಅಷ್ಟು ಡಿವಿಡೆಂಡ್ ಬಂದಿತ್ತು. ಚಹಾ ಕಂಪನಿಯ ಆದಾಯದಲ್ಲಿ ಶೇ. 60 ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆಯಿಲ್ಲ, ಉಳಿದ ಶೇ. 40ಕ್ಕೆ ಮಾತ್ರ ತೆರಿಗೆ. ಹಾಗಾದರೆ ನನ್ನ ಡಿವಿಡೆಂಡಿನಲ್ಲೂ ಶೇ. 60, ಅಂದರೆ 1,650 ರೂಪಾಯಿ, ಕೃಷಿ ಆದಾಯವೇ ಅಲ್ಲವೇ ಎಂಬುದು ಅವರ ವಾದ. ಕೇಳಲು ಸರಿಯೆನಿಸುತ್ತದೆ. 1954ರ ಕೊನೆಗೆ ಬಂದು 1955ರ ವರದಿಗಳಲ್ಲಿ ಅಚ್ಚಾದ ತೀರ್ಪಿನಲ್ಲಿ ನ್ಯಾಯಾಲಯ ಇದನ್ನು ತಿರಸ್ಕರಿಸಿತು. ಭೂಮಿಯಲ್ಲಿ ಚಹಾ ಬೆಳೆದದ್ದು ಕಂಪನಿ. ಆದಾಯ ಕೃಷಿಯದ್ದಾಗಿದ್ದು ಕಂಪನಿಯ ಕೈಯಲ್ಲಿ. ಷೇರುದಾರರಿಗೆ ಬಂದದ್ದು ಕಂಪನಿಯೊಂದಿಗಿನ ಒಪ್ಪಂದದಿಂದ ಹುಟ್ಟಿದ ಡಿವಿಡೆಂಡ್. ಭೂಮಿಗೂ ಅದಕ್ಕೂ ನೇರ ಸಂಬಂಧವಿಲ್ಲ. 1964ರಲ್ಲಿ ಟಾಟಾ ಎಂಜಿನಿಯರಿಂಗ್ ಪ್ರಕರಣದಲ್ಲೂ ಹೀಗೇ ಆಯಿತು. ಕಂಪನಿ ನಾಗರಿಕನಲ್ಲ, ಆದರೆ ಷೇರುದಾರರು ನಾಗರಿಕರು, ಮುಸುಕು ಸರಿಸಿ ಅವರ ಮೂಲಭೂತ ಹಕ್ಕನ್ನು ನೋಡಿ ಎಂಬ ಮನವಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಇಲ್ಲಿ ಎಡವಿಸುವ ಒಂದು ಪ್ರಕರಣವಿದೆ. ನ್ಯೂಜಿಲೆಂಡಿನ ಲೀ ಎಂಬ ಪೈಲಟ್ ತನ್ನದೇ ಕಂಪನಿಯ 3,000 ಷೇರುಗಳಲ್ಲಿ 2,999 ಇಟ್ಟುಕೊಂಡಿದ್ದರು. ವಿಮಾನದಿಂದ ಹೊಲಗಳಿಗೆ ಗೊಬ್ಬರ ಉದುರಿಸುವ ಕೆಲಸ. ಕಂಪನಿಯ ಆಡಳಿತ ನಿರ್ದೇಶಕರೂ ಅವರೇ, ಸಂಬಳದ ಪೈಲಟೂ ಅವರೇ. ವಿಮಾನ ಬಿದ್ದು ತೀರಿಕೊಂಡಾಗ ಹೆಂಡತಿ ಕಾರ್ಮಿಕ ಪರಿಹಾರ ಕೇಳಿದರು. ತನಗೆ ತಾನೇ ನೌಕರನಾಗಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಬಂತು. ಪ್ರಿವಿ ಕೌನ್ಸಿಲ್ ಪರಿಹಾರಕ್ಕೆ ಅವರು ಅರ್ಹರು ಎಂದಿತು. ಒಡೆಯನ ಕಡೆಯವರು ಗೆದ್ದರಲ್ಲ, ಹಾಗಾದರೆ ಇಲ್ಲಿ ಮುಸುಕು ಸರಿಯಿತು ಎಂದು ಅವಸರದಲ್ಲಿ ಗುರುತು ಹಾಕುವವರಿದ್ದಾರೆ. ನಡೆದದ್ದು ಅದರ ತದ್ವಿರುದ್ಧ. ಕಂಪನಿ ಎಂಬ ಬೇರೆ ವ್ಯಕ್ತಿ ಇದ್ದದ್ದರಿಂದಲೇ ಲೀ ಅದರ ನೌಕರನಾಗಲು ಸಾಧ್ಯವಾಯಿತು. 'ಕೆಳಗಿನ ಯಾವ ಪ್ರಕರಣದಲ್ಲಿ ಮುಸುಕು ಸರಿಸಲಾಯಿತು' ಎಂದು ಕೇಳಿ ಸಾಲೊಮನ್, ಲೀ, ಮಕೌರಾ, ಗಿಲ್ಫರ್ಡ್ ಎಂದು ನಾಲ್ಕು ಹೆಸರು ಕೊಟ್ಟರೆ, ಮೊದಲ ಮೂರೂ ಒಂದೇ ಕಡೆಯವು.

ಗಿಲ್ಫರ್ಡ್ ಮೋಟಾರ್ ಕಂಪನಿಯ ಆಡಳಿತ ನಿರ್ದೇಶಕರಾಗಿದ್ದ ಹಾರ್ನ್, ಕೆಲಸ ಬಿಟ್ಟ ಮೇಲೆ ಕಂಪನಿಯ ಗಿರಾಕಿಗಳನ್ನು ಸೆಳೆಯುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿದ್ದರು. ಹೊರಬಂದ ಮೇಲೆ ಅದೇ ವ್ಯಾಪಾರಕ್ಕೆ ಒಂದು ಹೊಸ ಕಂಪನಿ ಹುಟ್ಟಿತು. ಷೇರುಗಳಿದ್ದದ್ದು ಹೆಂಡತಿ ಮತ್ತು ಇನ್ನೊಬ್ಬರ ಹೆಸರಿನಲ್ಲಿ. ಗಿರಾಕಿಗಳನ್ನು ಕರೆಯುತ್ತಿರುವುದು ನಾನಲ್ಲ, ಕಂಪನಿ ಎಂಬುದು ಹಾರ್ನ್ ಅವರ ಸಮರ್ಥನೆ. 1933ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹಾರ್ನ್ ಮೇಲೂ, ಆ ಕಂಪನಿಯ ಮೇಲೂ ತಡೆಯಾಜ್ಞೆ ಕೊಟ್ಟಿತು. 1962ರ ಲಿಪ್‌ಮನ್ ಪ್ರಕರಣವೂ ಇದೇ ಜಾತಿಯದು. ಜಮೀನು ಮಾರುವ ಕರಾರಾದ ಮೇಲೆ ಮನಸ್ಸು ಬದಲಿಸಿದ ಲಿಪ್‌ಮನ್, ಕೊಡದೆ ಉಳಿಯಲು ಅದನ್ನು ತನ್ನ ಹಿಡಿತದ ಒಂದು ಕಂಪನಿಗೆ ವರ್ಗಾಯಿಸಿದರು. ಕಂಪನಿಯೂ ಸೇರಿ ಜಮೀನನ್ನು ಕೊಂಡವರಿಗೇ ಬಿಟ್ಟುಕೊಡಬೇಕೆಂದು ಆದೇಶವಾಯಿತು.

ಸಾಲೊಮನ್ ಕೂಡ ಮನೆಯವರನ್ನೇ ಸೇರಿಸಿ ಕಂಪನಿ ಕಟ್ಟಿದ್ದರು, ಹಾರ್ನ್ ಕೂಡ ಹೆಂಡತಿಯ ಹೆಸರಿನಲ್ಲಿ ಕಟ್ಟಿದರು. ಮತ್ತೆ ವ್ಯತ್ಯಾಸವೇನು? ವ್ಯತ್ಯಾಸ ಇರುವುದು ಸಮಯದಲ್ಲಿ. ಹಾರ್ನ್ ಮತ್ತು ಲಿಪ್‌ಮನ್ ಇಬ್ಬರ ತಲೆಯ ಮೇಲೂ ಮೊದಲೇ ಒಂದು ಬಾಧ್ಯತೆ ಇತ್ತು. ಅದರಿಂದ ನುಸುಳಿಕೊಳ್ಳಲು ಕಂಪನಿಯನ್ನು ನಡುವೆ ತಂದರು. ಸಾಲೊಮನ್ ಕಂಪನಿ ಕಟ್ಟಿದಾಗ ಮುಂದೆ ಬರಲಿದ್ದ ಆ ಬಾಕಿಗಳು ಹುಟ್ಟಿಯೇ ಇರಲಿಲ್ಲ. ಹುಟ್ಟಿದಾಗಲೂ ಕಂಪನಿಯ ಹೆಸರಿನಲ್ಲೇ ಹುಟ್ಟಿದವು. ಮುಂದಿನ ಹೊಣೆಗೆ ಮಿತಿ ಹಾಕಿಕೊಳ್ಳಲು ಕಂಪನಿ ಕಟ್ಟುವುದು ಕಾನೂನು ಕೊಟ್ಟ ಸೌಲಭ್ಯ. ಈಗಾಗಲೇ ಇರುವ ಹೊಣೆಯಿಂದ ಜಾರಿಕೊಳ್ಳಲು ಕಟ್ಟುವುದು ಅದರ ದುರ್ಬಳಕೆ. 2013ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಪ್ರೆಸ್ಟ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದೇ ಗೆರೆಯನ್ನು ಎಳೆಯಿತು. ಪ್ರಶ್ನೆಯಲ್ಲಿ ಕಂಪನಿ ಹುಟ್ಟಿದ ದಿನಾಂಕವನ್ನೂ ಒಪ್ಪಂದದ ದಿನಾಂಕವನ್ನೂ ಕೊಟ್ಟಿದ್ದರೆ ಅವು ಅಲಂಕಾರಕ್ಕಲ್ಲ.

ಭಾರತದಲ್ಲಿ ಕಾರ್ಮಿಕರ ವಿಷಯಕ್ಕೆ ಬಂದಾಗ ಎರಡು ತೀರ್ಪುಗಳು ಎದುರುಬದುರಾಗಿ ನಿಂತಂತೆ ಕಾಣುತ್ತವೆ. ಗುಜರಾತಿನ ಭಾವನಗರದ ಅಸೋಸಿಯೇಟೆಡ್ ರಬ್ಬರ್ ಕಂಪನಿ, ತನ್ನ ಬಳಿಯಿದ್ದ ಬೇರೊಂದು ಕಂಪನಿಯ ಷೇರುಗಳನ್ನು ತಾನೇ ಪೂರ್ತಿಯಾಗಿ ಒಡೆತನ ಹೊಂದಿದ್ದ ಹೊಸ ಅಂಗಸಂಸ್ಥೆಗೆ ವರ್ಗಾಯಿಸಿತು. ಆ ಷೇರುಗಳ ಡಿವಿಡೆಂಡ್ ಇನ್ನು ಅಲ್ಲಿಗೆ ಹೋಗತೊಡಗಿತು, ಮೂಲ ಕಂಪನಿಯ ಲಾಭ ಕುಗ್ಗಿತು, ಕಾರ್ಮಿಕರ ಬೋನಸ್ ಕಡಿಮೆಯಾಯಿತು. ಅಂಗಸಂಸ್ಥೆಗೆ ಸ್ವಂತ ವ್ಯಾಪಾರವೆಂಬುದೇ ಇರಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟ್ ಮುಸುಕು ಸರಿಸಿ, ಆ ಡಿವಿಡೆಂಡನ್ನೂ ಬೋನಸ್ ಲೆಕ್ಕಕ್ಕೆ ಸೇರಿಸಿ ಎಂದಿತು. 2014ರ ಬಲವಂತ್ ರಾಯ್ ಸಲೂಜಾ ಪ್ರಕರಣದಲ್ಲಿ ಕ್ಯಾಂಟೀನ್ ಕಾರ್ಮಿಕರು ತಾವು ಏರ್ ಇಂಡಿಯಾದ ನೌಕರರೇ ಎಂದರು. ಕ್ಯಾಂಟೀನ್ ನಡೆಸುತ್ತಿದ್ದದ್ದು ಪೂರ್ತಿ ಏರ್ ಇಂಡಿಯಾ ಒಡೆತನದ ಹೋಟೆಲ್ ಕಾರ್ಪೊರೇಷನ್ ಆಫ್ ಇಂಡಿಯಾ. ನ್ಯಾಯಾಲಯ ಒಪ್ಪಲಿಲ್ಲ. ಆ ಸಂಸ್ಥೆಗೆ ತನ್ನದೇ ಕಸುಬಿತ್ತು, ಹೊಣೆ ತಪ್ಪಿಸಲು ಹುಟ್ಟಿದ್ದಲ್ಲ. ಹಾಗಾಗಿ ಆಯ್ಕೆಯೊಂದರಲ್ಲಿ 'ನೂರಕ್ಕೆ ನೂರು ಷೇರು ಒಬ್ಬರದೇ ಆಗಿರುವುದರಿಂದ ಮುಸುಕು ಸರಿಯುತ್ತದೆ' ಎಂದಿದ್ದರೆ, ಆ 'ಆಗಿರುವುದರಿಂದ' ಎಂಬುದೇ ತಪ್ಪು. ಒಡೆತನ ಎಷ್ಟೇ ಇರಲಿ, ಅದೊಂದೇ ಸಾಲದು.

ಇದುವರೆಗಿನದು ನ್ಯಾಯಾಧೀಶರು ಸರಿಸಿದ ಮುಸುಕು. ಕೆಲವು ಕಡೆ ಕಾಯ್ದೆಯೇ ಅದನ್ನು ಸರಿಸಿಬಿಡುತ್ತದೆ. 2013ರ ಕಂಪನಿ ಕಾಯ್ದೆಯ 9ನೇ ಸೆಕ್ಷನ್ ಕಂಪನಿಗೆ ಬೇರೆ ವ್ಯಕ್ತಿತ್ವ ಕೊಡುತ್ತದೆ. 7ನೇ ಸೆಕ್ಷನ್ನಿನ 7ನೇ ಉಪಸೆಕ್ಷನ್, ಸುಳ್ಳು ಮಾಹಿತಿ ಕೊಟ್ಟು ನೋಂದಾಯಿಸಿದ ಕಂಪನಿಯ ಸದಸ್ಯರ ಹೊಣೆಯನ್ನು ಮಿತಿಯಿಲ್ಲದ್ದಾಗಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಡುತ್ತದೆ. ಮೋಸದ ಉದ್ದೇಶದಿಂದ ವ್ಯಾಪಾರ ನಡೆಸಿದ್ದು ಕಂಪನಿ ಮುಚ್ಚುವಾಗ ಗೊತ್ತಾದರೆ 339ನೇ ಸೆಕ್ಷನ್ ಇದೆ. ಅದು ಸದಸ್ಯರನ್ನಷ್ಟೇ ಅಲ್ಲ, ತಿಳಿದೂ ಕೈಜೋಡಿಸಿದ ಯಾರನ್ನಾದರೂ ಹಿಡಿಯಬಲ್ಲದು. ಆದರೆ ಲೆಕ್ಕ ಹಾಕಿಸುವ ಪ್ರಶ್ನೆಗಳು ಹುಟ್ಟುವುದು ಹೆಚ್ಚಾಗಿ 3ಎ ಸೆಕ್ಷನ್ನಿನಿಂದ.

ಒಂದು ಪಬ್ಲಿಕ್ ಕಂಪನಿಯಲ್ಲಿ 7 ಸದಸ್ಯರಿದ್ದಾರೆ ಎಂದುಕೊಳ್ಳೋಣ. ಜನವರಿ 1ರಂದು ಒಬ್ಬರು ತಮ್ಮ ಷೇರುಗಳನ್ನೆಲ್ಲ ಉಳಿದವರಲ್ಲೇ ಒಬ್ಬರಿಗೆ ಮಾರಿ ಹೊರಹೋಗುತ್ತಾರೆ. ಉಳಿದವರು 6, ಕನಿಷ್ಠಕ್ಕಿಂತ ಒಬ್ಬರು ಕಡಿಮೆ. ವ್ಯಾಪಾರ ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಕಂಪನಿ 4 ಲಕ್ಷ ರೂಪಾಯಿ ಸಾಲ ಮಾಡುತ್ತದೆ, ಸೆಪ್ಟೆಂಬರ್‌ನಲ್ಲಿ 10 ಲಕ್ಷ. ಆರು ಮಂದಿಯಲ್ಲಿ ಐವರಿಗೆ ಸಂಖ್ಯೆ ಕುಸಿದದ್ದು ಗೊತ್ತು. ಮಗನ ಮನೆಯಲ್ಲಿ ದೂರದೂರಿನಲ್ಲಿರುವ ಆರನೆಯವರಿಗೆ ಗೊತ್ತಿಲ್ಲ.

ಕಾಯ್ದೆ ಆರು ತಿಂಗಳ ಕಾಲಾವಕಾಶ ಕೊಡುತ್ತದೆ. ಜೂನ್ ಮುಗಿಯುವವರೆಗಿನ ಸಾಲಕ್ಕೆ ಸದಸ್ಯರು ವೈಯಕ್ತಿಕವಾಗಿ ಹೊಣೆಯಲ್ಲ. ಏಪ್ರಿಲ್‌ನ 4 ಲಕ್ಷವನ್ನು ಕಂಪನಿಯಿಂದಲೇ ವಸೂಲು ಮಾಡಬೇಕು. ಸೆಪ್ಟೆಂಬರ್‌ನ 10 ಲಕ್ಷ ಆರು ತಿಂಗಳು ಕಳೆದ ಮೇಲಿನದು. ಅದಕ್ಕೆ ವಿಷಯ ಗೊತ್ತಿದ್ದ ಐವರೂ ಹೊಣೆ. ಅದೂ ತಲಾ 2 ಲಕ್ಷವಲ್ಲ. ಸಾಲ ಕೊಟ್ಟವನು ಐವರಲ್ಲಿ ಯಾರೊಬ್ಬರ ಮೇಲಾದರೂ ಪೂರ್ತಿ 10 ಲಕ್ಷಕ್ಕೆ ದಾವೆ ಹೂಡಬಹುದು. ಆರನೆಯವರು ಬಚಾವು. ಜನವರಿಯಲ್ಲೇ ಹೊರಹೋದವರ ಮೇಲೂ ಈ ಸೆಕ್ಷನ್ನಿನಡಿ ಹೊಣೆಯಿಲ್ಲ, ಏಕೆಂದರೆ ಆರು ತಿಂಗಳ ನಂತರದ ಅವಧಿಯಲ್ಲಿ ಅವರು ಸದಸ್ಯರಾಗಿರಲಿಲ್ಲ. ಆಯ್ಕೆಗಳಲ್ಲಿ 14 ಲಕ್ಷ, ತಲಾ 2 ಲಕ್ಷ, 'ಎಲ್ಲ ಆರು ಮಂದಿ' ಎಂಬುವು ಬಂದೇ ಬರುತ್ತವೆ.

ಹಳೆಯ ಗೈಡುಗಳನ್ನು ಓದುವವರು ಇನ್ನೊಂದನ್ನು ಗಮನಿಸಬೇಕು. 1956ರ ಕಾಯ್ದೆಯಲ್ಲಿ ಈ ನಿಯಮ 45ನೇ ಸೆಕ್ಷನ್ ಆಗಿತ್ತು. 2013ರ ಕಾಯ್ದೆ ಬಂದಾಗ ಅದು ಬಿಟ್ಟುಹೋಯಿತು. 2017ರ ತಿದ್ದುಪಡಿ ಅದನ್ನು 3ಎ ಆಗಿ ಮತ್ತೆ ತಂದಿತು. ಆದ್ದರಿಂದ ಒಂದೇ ಪ್ರಶ್ನೆಗೆ ಒಂದು ಗೈಡಿನಲ್ಲಿ 'ಸೆಕ್ಷನ್ 45', ಇನ್ನೊಂದರಲ್ಲಿ 'ಅಂಥ ನಿಯಮ ಈಗಿಲ್ಲ', ಮೂರನೆಯದರಲ್ಲಿ '3ಎ' ಎಂದು ಉತ್ತರ ಸಿಗುವುದುಂಟು. ಮೂರೂ ಅಚ್ಚಾದ ಕಾಲಕ್ಕೆ ಸರಿಯಾಗಿಯೇ ಇದ್ದವು. ಈಗ ಗುರುತು ಹಾಕಬೇಕಾದದ್ದು 3ಎಗೆ.